ಡಿಎಪಿ ಬದಲು ಏನು? ಗೊಬ್ಬರದ ಹೋಲಿಕೆಯನ್ನು ಕೋಷ್ಟಕಕ್ಕೆ ಇಳಿಸಿದ ಬಗೆ

ದಾವಣಗೆರೆ ಸುತ್ತ ಮೆಕ್ಕೆಜೋಳದ ಬಿತ್ತನೆ ಹತ್ತಿರವಾದಂತೆ ಗೊಬ್ಬರದ ಅಂಗಡಿಗಳಲ್ಲಿ ಒಂದೇ ಪ್ರಶ್ನೆ ನಾನಾ ರೂಪದಲ್ಲಿ ಕೇಳಿಬರುತ್ತದೆ. ಡಿಎಪಿ ಗೊಬ್ಬರ ಸಿಗದಿದ್ದರೆ ಏನು ಕೊಳ್ಳಬೇಕು? 20:20:0:13 ಗೊಬ್ಬರ ಅದಕ್ಕೆ ಸಮವೇ? 10:26:26 ಹಾಕಿದರೆ ಸಾಕೇ? ಈಚೆಗೆ ಅನೇಕರು ಅಂಗಡಿಗೆ ಬರುವ ಮೊದಲೇ ಇದನ್ನು ಮೊಬೈಲಿನಲ್ಲಿ ಹುಡುಕಿ ನೋಡಿರುತ್ತಾರೆ. ಮಂಡಿಪೇಟೆಯ ಹತ್ತಿರ ನನ್ನ ಸೋದರಮಾವನ ಗೊಬ್ಬರದ ಅಂಗಡಿ ಇದೆ. ಅದರ ಜಾಲತಾಣವನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಆ ಪ್ರಶ್ನೆಗೆ ನಮ್ಮ ಪುಟದ ಕೋಷ್ಟಕವೇ ಗೂಗಲ್ ಫಲಿತಾಂಶದ ಮೇಲ್ತುದಿಯ ಚೌಕದಲ್ಲಿ ಕಾಣಿಸಬೇಕು ಎಂಬುದು ನನ್ನ ಆಸೆಯಾಗಿತ್ತು. ಈ ಚೌಕಕ್ಕೆ ಫೀಚರ್ಡ್ ಸ್ನಿಪೆಟ್ ಎಂದು ಹೆಸರು. ಗೂಗಲ್ ಯಾವುದೋ ಒಂದು ಪುಟದಿಂದ ಉತ್ತರದ ಭಾಗವನ್ನಷ್ಟೇ ಎತ್ತಿ, ಕೆಳಗೆ ಆ ಪುಟದ ಕೊಂಡಿಯನ್ನು ಕೊಡುತ್ತದೆ. ಎತ್ತುವುದು ಒಂದು ಪ್ಯಾರಾ ಆಗಿರಬಹುದು, ಪಟ್ಟಿ ಆಗಿರಬಹುದು, ಕೋಷ್ಟಕವೂ ಆಗಿರಬಹುದು.

ಮೊದಲು ಪುಟದಲ್ಲಿದ್ದುದು ಅಂಗಡಿಯ ಗೋಡೆಯ ಮೇಲಿನ ಗೊಬ್ಬರದ ಚಾರ್ಟಿನ ಫೋಟೊ. ಕಣ್ಣಿಗೆ ಚೆನ್ನಾಗಿಯೇ ಇತ್ತು, ಆದರೆ ಕೋಷ್ಟಕವಾಗಿ ಎತ್ತಿಕೊಳ್ಳಲು ಅದರಲ್ಲಿ ಸಾಲೂ ಇರಲಿಲ್ಲ, ಕಂಬವೂ ಇರಲಿಲ್ಲ. ಇದ್ದುದು ಒಂದು ಚಿತ್ರ ಮಾತ್ರ. ಅದನ್ನು ಹಾಗೆಯೇ ಅಕ್ಷರಕ್ಕೆ ಇಳಿಸಿದರೂ ಪ್ರಯೋಜನವಾಗುತ್ತಿರಲಿಲ್ಲ. ಗೊಬ್ಬರದ ಹೆಸರು, ಶೇಕಡಾವಾರು ಪೋಷಕಾಂಶ, ಯಾವ ಬೆಳೆಗೆ, ಎಕರೆಗೆ ಎಷ್ಟು, ಯಾವಾಗ ಹಾಕಬೇಕು ಎಂದು ಹತ್ತಾರು ವಿಷಯಗಳನ್ನು ಒಂದೇ ಚೌಕಟ್ಟಿಗೆ ತುರುಕಿದ ಚಾರ್ಟು ಅದು. ಗೋಡೆಯ ಮುಂದೆ ನಿಂತು ಬೆರಳಿಟ್ಟು ಓದುವವರಿಗೆ ಅದು ಸರಿ. ಒಂದು ಪ್ರಶ್ನೆ ಕೇಳಿ ಒಂದು ಉತ್ತರಕ್ಕಾಗಿ ಕಾಯುವವರಿಗೆ ಅಲ್ಲ.

ಹಾಗಾಗಿ ಕೋಷ್ಟಕಕ್ಕೆ ಕೈಹಾಕುವ ಮೊದಲು ಪ್ರಶ್ನೆಯನ್ನು ಆರಿಸಿಕೊಂಡೆ. ಜಾಲತಾಣ ನಡೆಸುವವರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನದ ಪರ್ಫಾರ್ಮೆನ್ಸ್ ವರದಿಯಲ್ಲಿ, ನಮ್ಮ ಪುಟ ಯಾವ ಹುಡುಕಾಟಗಳಿಗೆ ಕಾಣಿಸಿಕೊಂಡಿತ್ತು ಎಂಬುದು ಜನ ಟೈಪು ಮಾಡಿದ ರೂಪದಲ್ಲೇ ಸಿಗುತ್ತದೆ. ಅಲ್ಲಿ `dap vs 20 20 0 13` ಎಂಬಂಥವು, ಒಂದು ಚೀಲದಲ್ಲಿ ಎಷ್ಟು ಸಾರಜನಕ ಇದೆ ಎಂಬಂಥವು ಇದ್ದವು. ಮಾವನನ್ನೂ ಕೇಳಿದೆ. ಅವರು ಹೇಳಿದ್ದು ಹೀಗೆ: “ಶೇಕಡಾ ಲೆಕ್ಕ ಚೀಲದ ಮೇಲೆಯೇ ಇದೆಯಪ್ಪ. ಒಂದು ಚೀಲ ತೆಗೆದುಕೊಂಡರೆ ಹೊಲಕ್ಕೆ ಎಷ್ಟು ಕೆಜಿ ಬಿತ್ತು ಎಂದು ಕೇಳುತ್ತಾರೆ. ಅದನ್ನು ಬರೆ.” ಚಾರ್ಟು ಬರೆದವರಿಗಿಂತ ಅವರಿಗೆ ಗಿರಾಕಿಗಳು ಚೆನ್ನಾಗಿ ಗೊತ್ತು. ಶೇಕಡಾವಾರು ಅಂಕಿಗಳನ್ನು ಕೈಬಿಟ್ಟು ಕೆಜಿಯನ್ನು ಹಿಡಿದೆ.

ಲೆಕ್ಕ ಸುಲಭದ್ದೇ. ಗೊಬ್ಬರದ ಹೆಸರಿನ ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್, ನಾಲ್ಕನೆಯದಿದ್ದರೆ ಗಂಧಕದ ಶೇಕಡಾ ಪ್ರಮಾಣ. ಚೀಲ 50 ಕೆಜಿಯದಾದರೆ ಶೇಕಡಾ ಅಂಕಿಯ ಅರ್ಧ. ಡಿಎಪಿ ಎಂದರೆ 18:46:0, ಆದ್ದರಿಂದ ಒಂದು ಚೀಲದಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕ. 20:20:0:13ರಲ್ಲಿ ಹತ್ತು ಕೆಜಿ ಸಾರಜನಕ, ಹತ್ತು ಕೆಜಿ ರಂಜಕ ಮತ್ತು ಆರೂವರೆ ಕೆಜಿ ಗಂಧಕ. ಸಿಂಗಲ್ ಸೂಪರ್ ಫಾಸ್ಫೇಟ್‌ನಲ್ಲಿ ಶೇ 16 ರಂಜಕ ಮತ್ತು ಶೇ 11 ಗಂಧಕ ಇರುವುದರಿಂದ 8 ಮತ್ತು 5.5 ಕೆಜಿ.

ತಲೆಬರಹದ ಮೇಲೆ ನಾನು ಹೆಚ್ಚು ಹೊತ್ತು ಕಳೆದೆ. ‘ಪೋಷಕಾಂಶಗಳ ವಿವರ’ ಎಂಬಂಥ ತಲೆಬರಹ ಯಾವ ಗೊಬ್ಬರದ ಪುಟಕ್ಕೂ ಹೊಂದುತ್ತದೆ, ಹಾಗಾಗಿ ಯಾವ ಪ್ರಶ್ನೆಗೂ ಉತ್ತರವಾಗುವುದಿಲ್ಲ. ತಲೆಬರಹದಲ್ಲಿ ಹೋಲಿಸುತ್ತಿರುವ ವಸ್ತುಗಳ ಹೆಸರು ಬರಬೇಕು, ಯಾವುದನ್ನು ಅಳೆಯುತ್ತಿದ್ದೇವೆ ಎಂಬುದು ಬರಬೇಕು, ಯಾವ ಪ್ರಮಾಣಕ್ಕೆ ಎಂಬುದೂ ಬರಬೇಕು. ಅದರ ಕೆಳಗೆ ತಕ್ಷಣ ಕೋಷ್ಟಕ. ನಡುವೆ ಅಂಗಡಿಯ ಪರಿಚಯವಾಗಲಿ, ಫೋಟೊ ಆಗಲಿ ಬೇಡ. ಅವನ್ನು ಪುಟದ ಕೆಳಭಾಗಕ್ಕೆ ತಳ್ಳಿದೆ.

```html
<h2>ಡಿಎಪಿ, 20:20:0:13, 10:26:26: 50 ಕೆಜಿ ಚೀಲದಲ್ಲಿ ಎಷ್ಟು ಪೋಷಕಾಂಶ?</h2>
<table>
<caption>50 ಕೆಜಿ ಚೀಲದಲ್ಲಿರುವ ಪೋಷಕಾಂಶ, ಕೆಜಿಗಳಲ್ಲಿ</caption>
<thead><tr>
<th scope="col">ಗೊಬ್ಬರ</th>
<th scope="col">ಸಾರಜನಕ (ಕೆಜಿ)</th>
<th scope="col">ರಂಜಕ (ಕೆಜಿ)</th>
<th scope="col">ಪೊಟ್ಯಾಷ್ (ಕೆಜಿ)</th>
<th scope="col">ಗಂಧಕ (ಕೆಜಿ)</th>
</tr></thead>
<tbody>
<tr><th scope="row">ಡಿಎಪಿ</th>
<td>9</td><td>23</td><td>0</td><td>0</td></tr>
<tr><th scope="row">20:20:0:13</th>
<td>10</td><td>10</td><td>0</td><td>6.5</td></tr>
<tr><th scope="row">10:26:26</th>
<td>5</td><td>13</td><td>13</td><td>0</td></tr>
<tr><th scope="row">ಸೂಪರ್ ಫಾಸ್ಫೇಟ್</th>
<td>0</td><td>8</td><td>0</td><td>5.5</td></tr>
</tbody>
</table>
```

ಇದರಲ್ಲಿ ಜಾಣತನವೇನೂ ಇಲ್ಲ, ಇರಬಾರದು ಕೂಡ. ಮೊದಲ ಸಾಲಿನ `th`ಗಳು ಕಂಬದ ಹೆಸರುಗಳು, ಪ್ರತಿ ಸಾಲಿನ ಮೊದಲ `th` ಗೊಬ್ಬರದ ಹೆಸರು. ಎಡ ಮೇಲ್ಮೂಲೆಯ ಮನೆಯನ್ನು ಖಾಲಿ ಬಿಡುವವರು ಬಹಳ ಜನ; ನಾನು ಅಲ್ಲಿ ‘ಗೊಬ್ಬರ’ ಎಂದು ಬರೆದೆ. `rowspan`, `colspan` ಹಾಕಿ ಮನೆಗಳನ್ನು ಕೂಡಿಸಲಿಲ್ಲ. ‘ಕಾಂಪ್ಲೆಕ್ಸ್ ಗೊಬ್ಬರಗಳು’ ಎಂಬ ಒಂದು ಉದ್ದ ಮನೆ ಎರಡು ಸಾಲಿಗೆ ಹರಡಿಕೊಂಡರೆ, ಒಂದು ಸಾಲನ್ನು ಬೇರ್ಪಡಿಸಿ ಎತ್ತಿದಾಗ ಅಂಕಿ ಯಾರದು ಎಂಬುದೇ ಕಳೆದುಹೋಗುತ್ತದೆ. ಪೋಷಕಾಂಶ ಇಲ್ಲದ ಕಡೆ ಗೆರೆಯನ್ನೂ ಎಳೆಯಲಿಲ್ಲ, ಖಾಲಿಯನ್ನೂ ಬಿಡಲಿಲ್ಲ, 0 ಎಂದು ಬರೆದೆ. ಖಾಲಿ ಮನೆಗೆ ‘ಇಲ್ಲ’ ಎಂದೂ ಅರ್ಥವಾಗಬಹುದು, ‘ಗೊತ್ತಿಲ್ಲ’ ಎಂದೂ ಆಗಬಹುದು. ಒಂದು ಮನೆಗೆ ಒಂದೇ ಅಂಕಿ. ಅಳತೆ ಕಂಬದ ತಲೆಯಲ್ಲಿ. `caption`, `scope` ಇವನ್ನು ಹಾಕಿದರೆ ಮಾತ್ರ ಗೂಗಲ್ ಎತ್ತಿಕೊಳ್ಳುತ್ತದೆ ಎಂಬ ನಿಯಮವಿಲ್ಲ. ಆದರೆ ಪರದೆಯನ್ನು ಓದಿ ಹೇಳುವ ತಂತ್ರಾಂಶ ಬಳಸುವವರಿಗೆ ಇವು ನಿಜವಾಗಿ ಬೇಕು, ಬರೆಯಲು ಖರ್ಚೂ ಇಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಬೇರೆ. ಎತ್ತಿಕೊಂಡ ಕೋಷ್ಟಕ ಇಡಿಯಾಗಿ ಬರುವುದಿಲ್ಲ. ಸಣ್ಣ ಪರದೆಯ ಚೌಕದಲ್ಲಿ ಮೊದಲ ಕೆಲವು ಕಂಬಗಳು, ಮೊದಲ ಕೆಲವು ಸಾಲುಗಳು ಕಾಣುತ್ತವೆ, ಉಳಿದವು ಕತ್ತರಿಸಿಹೋಗಬಹುದು. ಕೋಷ್ಟಕದ ಕೆಳಗೆ ನಕ್ಷತ್ರದ ಗುರುತು ಹಾಕಿ ಬರೆದ ಟಿಪ್ಪಣಿ ಜೊತೆಗೆ ಬರುತ್ತದೆ ಎಂದು ನಂಬುವಂತಿಲ್ಲ. ಆದ್ದರಿಂದ ಪ್ರತಿ ಸಾಲನ್ನೂ ಒಂದು ಪ್ರಶ್ನೆ ಕೇಳಿ ನೋಡಿದೆ: ಇದನ್ನು ಹರಿದು ಬೇರೆಡೆ ಇಟ್ಟರೂ ಇದು ನಿಜವೇ?

ಆ ಪರೀಕ್ಷೆಯಲ್ಲಿ ಯೂರಿಯಾ ನಿಲ್ಲಲಿಲ್ಲ. ಅದರ ಚೀಲ ಈಗ 50 ಅಲ್ಲ, 45 ಕೆಜಿಯದು. ಶೇ 46ರಂತೆ ಅದರಲ್ಲಿ 20.7 ಕೆಜಿ ಸಾರಜನಕ ಇದೆ. ‘50 ಕೆಜಿ ಚೀಲದಲ್ಲಿ’ ಎಂಬ ತಲೆಬರಹದಡಿ 20.7 ಎಂದು ಬರೆದರೆ ತಲೆಬರಹ ಸುಳ್ಳಾಗುತ್ತದೆ, 23 ಎಂದು ಬರೆದರೆ ಅಂಗಡಿಯಲ್ಲಿ ಸಿಗುವ ಚೀಲಕ್ಕೆ ಅದು ಸುಳ್ಳು. ಕೆಳಗೆ ಟಿಪ್ಪಣಿ ಕೊಡೋಣವೆಂದರೆ ಟಿಪ್ಪಣಿ ಹಿಂದೆ ಉಳಿಯುತ್ತದೆ. ಡಿಎಪಿಗೆ ಬದಲಿ ಹುಡುಕುವವರು ಯೂರಿಯಾವನ್ನು ಅದರೊಂದಿಗೆ ಹೋಲಿಸುವುದೂ ಇಲ್ಲ. ಹಾಗಾಗಿ ಯೂರಿಯಾವನ್ನು ಈ ಕೋಷ್ಟಕದಿಂದ ತೆಗೆದು, ಕೆಳಗೆ ಪ್ರತ್ಯೇಕ ತಲೆಬರಹ ಕೊಟ್ಟು ಒಂದು ವಾಕ್ಯದಲ್ಲಿ ಬರೆದೆ.

ಕಂಬಗಳ ಕ್ರಮವನ್ನೂ ಇದೇ ದೃಷ್ಟಿಯಿಂದ ನಿರ್ಧರಿಸಿದೆ. ಡಿಎಪಿ ಕೊಳ್ಳುವುದು ಮುಖ್ಯವಾಗಿ ರಂಜಕಕ್ಕಾಗಿ, ಆದ್ದರಿಂದ ರಂಜಕ ಮೊದಲ ಮೂರು ಕಂಬಗಳೊಳಗೆ ಇರಲೇಬೇಕು. ಸಾರಜನಕ, ರಂಜಕ, ಪೊಟ್ಯಾಷ್ ಎಂಬ ರೂಢಿಯ ಕ್ರಮದಲ್ಲೇ ಅದು ಸಾಧ್ಯವಾದ್ದರಿಂದ ಕ್ರಮವನ್ನು ಕೆಡಿಸಲಿಲ್ಲ. ಚೀಲದ ಮೇಲಿನ ಅಂಕಿಗಳೂ ಇದೇ ಕ್ರಮದಲ್ಲಿ ಓದಿಕೊಳ್ಳುತ್ತವೆ. ಗಂಧಕ ಕೊನೆಯಲ್ಲಿದೆ, ಕತ್ತರಿಸಿಹೋಗಬಹುದು. ಹಾಗಾದರೆ ಉತ್ತರ ಅಪೂರ್ಣವಾಗುತ್ತದೆ, ಸುಳ್ಳಾಗುವುದಿಲ್ಲ. ಆ ಮಟ್ಟಿಗಿನ ನಷ್ಟವನ್ನು ಒಪ್ಪಿಕೊಂಡೆ.

ಕೋಷ್ಟಕದ ಕೆಳಗಿನ ಎರಡು ಪ್ಯಾರಾ ನಿಜವಾದ ಬದಲಿಯ ಲೆಕ್ಕಕ್ಕೆ ಮೀಸಲು. ಒಂದು ಚೀಲ ಡಿಎಪಿಯ 23 ಕೆಜಿ ರಂಜಕಕ್ಕೆ ಸೂಪರ್ ಫಾಸ್ಫೇಟ್ ಹೆಚ್ಚುಕಡಿಮೆ ಮೂರು ಚೀಲ ಬೇಕು, ಅದರಲ್ಲಿ ಸಾರಜನಕ ಇಲ್ಲದ್ದರಿಂದ ಜೊತೆಗೆ ಸುಮಾರು 20 ಕೆಜಿ ಯೂರಿಯಾ ಬೇಕು. 20:20:0:13 ಆದರೆ ಎರಡು ಚೀಲಕ್ಕಿಂತ ಸ್ವಲ್ಪ ಹೆಚ್ಚು, ಆದರೆ ಆಗ ಸಾರಜನಕವೂ 9ರ ಬದಲು 23 ಕೆಜಿ ಆಗುತ್ತದೆ. ಮೇಲುಗೊಬ್ಬರ ಕೊಡುವಾಗ ಅದನ್ನು ಕಳೆಯಬೇಕು. ಇದನ್ನೆಲ್ಲ ಕೋಷ್ಟಕದಲ್ಲಿ ಹಾಕಲು ಹೋದರೆ ಮನೆಗಳು ವಾಕ್ಯಗಳಾಗುತ್ತವೆ. ಮಾವನಿಗೆ ಒಂದು ಸಂಶಯವಿತ್ತು: “ಉತ್ತರ ಗೂಗಲ್‌ನಲ್ಲೇ ಸಿಕ್ಕರೆ ನಮ್ಮ ಪುಟ ಯಾರು ತೆರೆಯುತ್ತಾರೆ?” ಅಂಕಿಯಷ್ಟೇ ಬೇಕಾದವರು ತೆರೆಯುವುದಿಲ್ಲ, ನಿಜ. ಆದರೆ ಅಂಕಿ ನೋಡಿದ ಮೇಲೆ ‘ಹಾಗಾದರೆ ನಾನೆಷ್ಟು ಚೀಲ ಕೊಳ್ಳಲಿ’ ಎಂದು ಕೇಳುವವರಿಗೆ ಉತ್ತರ ಒಳಗಿದೆ ಎಂದು ಹೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ.

ಪುಟ ಸಿದ್ಧವಾದ ಮೇಲೆ ಎರಡು ಪರೀಕ್ಷೆ ಮಾಡಿದೆ. ಮೊದಲನೆಯದು ಯಾರು ಬೇಕಾದರೂ ಮಾಡಬಹುದಾದದ್ದು: ಕೋಷ್ಟಕವನ್ನು ಆಯ್ದು, ನಕಲು ಮಾಡಿ, ಖಾಲಿ ಸ್ಪ್ರೆಡ್‌ಶೀಟಿನಲ್ಲಿ ಅಂಟಿಸುವುದು. ಪ್ರತಿ ಅಂಕಿ ತನ್ನ ಮನೆಯಲ್ಲಿ ಬಿದ್ದರೆ ರಚನೆ ಸರಿಯಿದೆ. ಎಲ್ಲವೂ ಒಂದೇ ಕಂಬದಲ್ಲಿ ಸುರಿದರೆ, ಅದು ಕೋಷ್ಟಕದಂತೆ ಕಾಣುವ `div`ಗಳ ಸಾಲು ಎಂದೇ ಅನುಮಾನಿಸಬೇಕು. ಪುಟ ಕಟ್ಟುವ ಕೆಲವು ಸಿದ್ಧ ಸಾಧನಗಳು ಮೊಬೈಲಿಗೆ ಚೆಂದ ಕಾಣಲೆಂದು ಹೀಗೆ ಮಾಡುತ್ತವೆ. ಕೋಷ್ಟಕ ಅಗಲವಾಯಿತು ಎನ್ನುವುದಕ್ಕೆ ಅದನ್ನು ಒಡೆಯಬೇಕಾಗಿಲ್ಲ. ಹೊರಗೊಂದು `div` ಇಟ್ಟು ಅದಕ್ಕೆ `overflow-x: auto` ಕೊಟ್ಟರೆ ಬೆರಳಿನಿಂದ ಪಕ್ಕಕ್ಕೆ ಸರಿಸಿ ನೋಡಬಹುದು. ಎರಡನೆಯದು ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್. ಅಲ್ಲಿ ಗೂಗಲ್ ಪುಟವನ್ನು ಹೇಗೆ ಕಂಡಿದೆಯೋ ಆ ಎಚ್‌ಟಿಎಂಎಲ್ ಸಿಗುತ್ತದೆ. ಅದರೊಳಗೆ `<table` ಎಂದು ಹುಡುಕಿ, 23 ಎಂಬ ಅಂಕಿ ಇದೆಯೇ ಎಂದು ನೋಡಿದೆ. ಗುಂಡಿ ಒತ್ತಿದ ಮೇಲಷ್ಟೇ ತುಂಬಿಕೊಳ್ಳುವ ಕೋಷ್ಟಕ ಇಲ್ಲಿ ಸಿಗುವುದಿಲ್ಲ.

ಇಷ್ಟರ ಮೇಲೂ ಚೌಕ ನಮ್ಮದಾಗುತ್ತದೆ ಎಂಬ ಖಾತರಿಯಿಲ್ಲ. ಪುಟವನ್ನು ಸ್ನಿಪೆಟ್ ಎಂದು ಗುರುತಿಸಿ ಕೊಡುವ ದಾರಿ ಇಲ್ಲ, ಅದಕ್ಕೆಂದು ವಿಶೇಷ ಗುರುತುಪಟ್ಟಿಯೂ ಇಲ್ಲ; ಆಯ್ಕೆ ಗೂಗಲ್‌ನದು, ಇಂದು ಇದ್ದದ್ದು ನಾಳೆ ಇಲ್ಲದಿರಬಹುದು. ನಮ್ಮ ಕೋಷ್ಟಕ ಕೆಲವು ಹುಡುಕಾಟಗಳಿಗೆ ಮೇಲೆ ಬಂದಿದೆ, ಕೆಲವಕ್ಕೆ ಬಂದು ಹೋಗಿದೆ. ಚೌಕ ಸಿಕ್ಕಿತೇ ಎಂದು ವರದಿಯಲ್ಲಿ ಬೇರೆಯಾಗಿ ತೋರಿಸುವುದಿಲ್ಲವಾದ್ದರಿಂದ, ಆ ಹುಡುಕಾಟದ ಸರಾಸರಿ ಸ್ಥಾನ ಒಮ್ಮೆಲೇ ಒಂದರ ಹತ್ತಿರ ಬಂದಾಗ ನಾನೇ ಹುಡುಕಿ ನೋಡುತ್ತೇನೆ.

ಬೆಲೆಯ ವಿಷಯದಲ್ಲಿ ಮಾತ್ರ ತಿರುಗುಮುರುಗು. ಮಾವನಿಗೆ ಚೀಲದ ದರವೂ ಕೋಷ್ಟಕದಲ್ಲಿ ಬೇಕಿತ್ತು. ಪೋಷಕಾಂಶದ ಅಂಕಿ ಬದಲಾಗುವುದಿಲ್ಲ, ಕಾಂಪ್ಲೆಕ್ಸ್ ಗೊಬ್ಬರದ ದರ ಬದಲಾಗುತ್ತದೆ. ನಾವು ಪುಟ ತಿದ್ದಿದರೂ ಗೂಗಲ್ ಮತ್ತೆ ಬಂದು ನೋಡುವವರೆಗೆ ಚೌಕದಲ್ಲಿ ಹಳೆಯ ದರವೇ ಉಳಿಯಬಹುದು, ಅದನ್ನು ತೋರಿಸಿ ಗಿರಾಕಿ ಅಂಗಡಿಯಲ್ಲಿ ಜಗಳ ತೆಗೆಯಬಹುದು. ಅದಕ್ಕೆ ದರಗಳನ್ನು ಬೇರೆ ಕೋಷ್ಟಕ ಮಾಡಿ, `<div data-nosnippet>` ಒಳಗೆ ಇಟ್ಟೆ. ಆ ಗುರುತಿನ ಒಳಗಿರುವುದನ್ನು ಗೂಗಲ್ ತುಣುಕಾಗಿ ಎತ್ತುವುದಿಲ್ಲ. ಪುಟಕ್ಕೆ ಬಂದವರಿಗೆ ಮಾತ್ರ ಅದು ಕಾಣುತ್ತದೆ, ತಲೆಬರಹದಲ್ಲಿ ದರ ಯಾವ ದಿನಾಂಕದ್ದು ಎಂಬುದೂ ಸೇರಿ.