ಒಂಟಿ ಪದವೊಂದು ಬಂದಾಗ: ‘asdf’ ಮತ್ತು ‘mdfdu’ ನನಗೆ ಕಲಿಸಿದ್ದು

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದಕ್ಕೆ ನಾನು ಬೇಡಿಕೆಗಳನ್ನು ದಾಖಲಿಸುವ ಒಂದು ಸಣ್ಣ ತಂತ್ರಾಂಶವನ್ನು ಬರೆದುಕೊಟ್ಟಿದ್ದೆ. ಸದಸ್ಯರು ತಮ್ಮ ಮೊಬೈಲಿನಿಂದಲೋ ಶಾಖೆಯ ಗುಮಾಸ್ತರ ಮೂಲಕವೋ ಊರನ್ನು ಆಯ್ದು, ಬೇಕಾದದ್ದನ್ನು ಒಂದು ಚೌಕದಲ್ಲಿ ಬರೆದರೆ, ಅದಕ್ಕೊಂದು ಸಂಖ್ಯೆ ಬಿದ್ದು, ಆ ಭಾಗದ ಕ್ಷೇತ್ರ ಸಿಬ್ಬಂದಿಯ ಫೋನಿಗೆ ತಾನಾಗಿಯೇ ಸಂದೇಶ ಹೋಗುತ್ತಿತ್ತು.

ಮೊದಲ ಪೆಟ್ಟು ಬಿದ್ದದ್ದು ನನ್ನಿಂದಲೇ. ಜೂನ್ ತಿಂಗಳ ಒಂದು ರಾತ್ರಿ ಸರ್ವರ್ ಬದಲಾಯಿಸಿದ ಮೇಲೆ, ಎಲ್ಲವೂ ಸರಿಯಿದೆಯೇ ಎಂದು ನೋಡಲು ಆ ಚೌಕದಲ್ಲಿ ‘asdf’ ಎಂದು ಕುಟ್ಟಿ ಮಲಗಿದೆ. ಎಡಗೈಯ ನಾಲ್ಕು ಬೆರಳುಗಳು ಕೀಲಿಮಣೆಯ ಮೇಲೆ ಸುಮ್ಮನೆ ಕೂರುವ ಜಾಗವದು. ಅದನ್ನು ಬರೆಯುವಾಗ ಯಾವ ಪ್ರೋಗ್ರಾಮರನೂ ಯೋಚಿಸುವುದಿಲ್ಲ. ಆದರೆ ಊರನ್ನು ಆಯ್ಕೆ ಮಾಡದಿದ್ದರೆ ಪಟ್ಟಿಯ ಮೊದಲ ಹೆಸರೇ ದಾಖಲಾಗುವಂತೆ ನಾನು ಬರೆದಿದ್ದೆ, ಆ ಹೆಸರು ಆಗುಂಬೆ. ಬೆಳಿಗ್ಗೆ ಕ್ಷೇತ್ರ ಸಿಬ್ಬಂದಿಯೊಬ್ಬರು, ಸಂದೇಶ ಅರ್ಧಕ್ಕೆ ತುಂಡಾಗಿರಬೇಕು ಎಂದು ತಾವೇ ಅರ್ಥ ಮಾಡಿಕೊಂಡು, ಸುರಿಯುವ ಮಳೆಯಲ್ಲಿ ಬೈಕ್ ಹತ್ತಿ ಅಲ್ಲಿಯವರೆಗೆ ಹೋಗಿ ಬಂದರು. ಅವರು ನನ್ನನ್ನು ಬೈಯಲಿಲ್ಲ. ‘ಆಸ್ಡ್ಫ್ ಅಂದ್ರೆ ಯಾವ ರೋಗ ಸಾರ್?’ ಎಂದಷ್ಟೇ ಕೇಳಿದರು.

ನಾಚಿಕೆಯಲ್ಲಿ ಬರೆದ ಕೋಡು ಸಾಮಾನ್ಯವಾಗಿ ಒಳ್ಳೆಯದಾಗಿರುವುದಿಲ್ಲ. ಅಂದು ಸಂಜೆಯೇ ನಾನೊಂದು ಜರಡಿ ಕಟ್ಟಿದೆ. ‘hello’, ‘qwerty’ ಮುಂತಾದ ಪದಗಳದ್ದೊಂದು ಪಟ್ಟಿ, ಅದರ ಜೊತೆಗೆ ಅರ್ಥವಿಲ್ಲದ ಅಕ್ಷರಗಳನ್ನು ಹಿಡಿಯಲು ಈ ನಿಯಮ:

```python
def kasa(s):
    v = sum(c in "aeiou" for c in s.lower())
    return s.isascii() and len(s) < 8 and v / len(s) <= 0.25
```

ಇಂಗ್ಲಿಷ್ ಅಕ್ಷರಗಳ ಚಿಕ್ಕ ಪದದಲ್ಲಿ ಸ್ವರಗಳು ಕಾಲುಭಾಗವನ್ನು ಮೀರದಿದ್ದರೆ ಅದು ಕಸ ಎಂಬುದು ಇದರ ತರ್ಕ. ‘asdf’ನಲ್ಲಿ ನಾಲ್ಕಕ್ಕೆ ಒಂದು ಸ್ವರ, ‘test’ನಲ್ಲಿಯೂ ಅಷ್ಟೇ, ಎರಡೂ ಸಿಕ್ಕಿಬಿದ್ದವು. ಸಿಕ್ಕಿಬಿದ್ದದ್ದನ್ನು ದಾಖಲಿಸದೆ, ಕಳಿಸಿದವರಿಗೂ ಏನೂ ಹೇಳದೆ, ಎಸೆದುಬಿಡುತ್ತಿದ್ದೆ. ಕೆಲವು ವಾರ ಎಲ್ಲವೂ ಶಾಂತವಾಗಿತ್ತು, ನನಗೂ ಒಳಗೊಳಗೇ ಹೆಮ್ಮೆಯಿತ್ತು.

ಆಗಸ್ಟಿನಲ್ಲಿ ಒಂದು ಶಾಖೆಯ ಗುಮಾಸ್ತರು ಫೋನ್ ಮಾಡಿದರು. ‘ಮದ್ದು ಬೇಕು ಅಂತ ಮೂರು ಸಲ ಹಾಕಿದೀನಿ ಸಾರ್, ಒಂದಕ್ಕೂ ನಂಬರ್ ಬಂದಿಲ್ಲ.’ ಮಲೆನಾಡಿನಲ್ಲಿ ಆ ಹೊತ್ತಿಗೆ ಮದ್ದು ಎಂದರೆ ಬೋರ್ಡೋ ದ್ರಾವಣದ ಸಾಮಗ್ರಿ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆಗೆ ಮುಂಚೆ ಒಮ್ಮೆ ಹೊಡೆದು, ನಲವತ್ತು ನಲವತ್ತೈದು ದಿನಕ್ಕೆ ಎರಡನೆಯ ಸಲ ಹೊಡೆಯದಿದ್ದರೆ ಕೊಳೆರೋಗ ಗೊನೆಯನ್ನು ಉಳಿಸುವುದಿಲ್ಲ. ಆ ಎರಡನೆಯ ಸಲದ ಬೇಡಿಕೆಯನ್ನೇ ನನ್ನ ಜರಡಿ ಮೂರು ಬಾರಿ ನುಂಗಿತ್ತು.

ನಾನು ಎಸೆದ ಪದಗಳು ದತ್ತಾಂಶದಲ್ಲಿ ಇರಲಿಲ್ಲ. ಪುಣ್ಯಕ್ಕೆ, ಬಂದದ್ದನ್ನೆಲ್ಲ ಬರೆದಿಡುವ ಸರ್ವರ್ ಲಾಗ್‌ನಲ್ಲಿ ಉಳಿದಿದ್ದವು. ಅಲ್ಲಿ ಮೂರು ಸಾಲಿನಲ್ಲೂ ‘mdfdu’ ಎಂದಿತ್ತು. ನೋಡಿದ ಕೂಡಲೇ ಇದೂ ಯಾರದೋ ಬೆರಳಾಟ ಎಂದೇ ಅನಿಸಿತು. ಐದು ಅಕ್ಷರ, ಒಂದೇ ಸ್ವರ. ಆದರೆ ಆ ಗುಮಾಸ್ತರು ವರ್ಷಗಳಿಂದ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಕೀಲಿಮಣೆ ವಿನ್ಯಾಸದಲ್ಲಿ ಟೈಪ್ ಮಾಡುವವರು. ಅದರಲ್ಲಿ m ಒತ್ತಿದರೆ ‘ಮ’, d ಒತ್ತಿದರೆ ‘ದ’, ಒತ್ತಕ್ಷರ ಕೂಡಿಸಲು f, ಮುಂದೆ ಇನ್ನೊಂದು d, ಕೊನೆಗೆ u. ಪರದೆಯನ್ನು ನೋಡದೆ ಟೈಪ್ ಮಾಡುವ ಅವರು ಕನ್ನಡಕ್ಕೆ ಬದಲಾಯಿಸಿಕೊಳ್ಳಲು ಮರೆತಿದ್ದರು, ಅಷ್ಟೇ. ‘ಮದ್ದು’ ಎಂಬ ಪದವೇ ‘mdfdu’ ವೇಷದಲ್ಲಿ ಬಂದಿತ್ತು. ಇದೇ ರೀತಿ ‘ಕನ್ನಡ’ ಎಂಬುದು ‘knfnw’ ಆಗುತ್ತದೆ, ಅದರಲ್ಲಿ ಒಂದು ಸ್ವರವೂ ಇಲ್ಲ. ಅರ್ಥಹೀನತೆಯನ್ನು ಅಳೆಯಲು ನಾನು ಬಳಸಿದ್ದು ಇಂಗ್ಲಿಷಿನ ಅಳತೆಗೋಲು ಎಂಬುದು ಆಗ ಹೊಳೆಯಿತು.

ಲಾಗನ್ನು ಹಿಂದಕ್ಕೆ ಓದುತ್ತಾ ಹೋದಾಗ ಇನ್ನೊಂದು ಸಿಕ್ಕಿತು. ಒಬ್ಬ ಸದಸ್ಯರ ಮೊಬೈಲಿನಿಂದ ‘test’ ಎಂಬ ಒಂದೇ ಪದ. ಇದಂತೂ ನಿಜವಾಗಿಯೂ ಪರೀಕ್ಷೆಯ ಪದ ಎಂದುಕೊಂಡರೂ, ಸಂಶಯಕ್ಕೆ ಫೋನ್ ಮಾಡಿ ವಿಚಾರಿಸಿದೆ. ಅವರಿಗೆ ತೋಟದ ಮಣ್ಣನ್ನು ಟೆಸ್ಟ್ ಮಾಡಿಸಬೇಕಾಗಿತ್ತು.

ಆಮೇಲೆ ನಾನು ಜರಡಿಯನ್ನು ತಿದ್ದಲಿಲ್ಲ, ಕಿತ್ತುಹಾಕಿದೆ. ಒಂಟಿ ಪದದ ಅಕ್ಷರಗಳನ್ನು ನೋಡಿ ಬರೆದವರ ಉದ್ದೇಶವನ್ನು ತೀರ್ಮಾನಿಸಲು ಸಾಧ್ಯವಿಲ್ಲವೆಂದಾದ ಮೇಲೆ, ಎರಡು ಪ್ರಶ್ನೆಗಳನ್ನು ಬೇರೆ ಮಾಡಬೇಕಾಯಿತು. ಇದು ಪರೀಕ್ಷೆಯೇ ಎಂಬ ಪ್ರಶ್ನೆಗೆ ಉತ್ತರ ಬರಬೇಕಾದದ್ದು ಸಂದೇಶ ಎಲ್ಲಿಂದ ಬಂತು ಎಂಬುದರಿಂದ. ನಾನು ಮತ್ತು ನನ್ನ ಜೊತೆಯವರು ಬಳಸುವ ಲಾಗಿನ್‌ಗಳಿಂದ ಬಂದದ್ದಕ್ಕೆಲ್ಲ ಈಗ `is_test` ಎಂಬ ಗುರುತು ಪ್ರವೇಶದಲ್ಲೇ ಬೀಳುತ್ತದೆ, ಅದರಲ್ಲಿ ಎಷ್ಟೇ ಅಚ್ಚುಕಟ್ಟಾದ ಬೇಡಿಕೆ ಬರೆದಿದ್ದರೂ ಕ್ಷೇತ್ರ ಸಿಬ್ಬಂದಿಯ ಫೋನು ಸದ್ದು ಮಾಡುವುದಿಲ್ಲ. ಇದು ಎಷ್ಟೋ ಮುಖ್ಯ, ಏಕೆಂದರೆ ಶ್ರದ್ಧೆಯುಳ್ಳ ಪ್ರೋಗ್ರಾಮರ್ ‘asdf’ ಎಂದು ಬರೆಯುವುದಿಲ್ಲ, ‘ಎರಡು ಕಿಲೋ ಮೈಲುತುತ್ತ ಬೇಕು’ ಎಂದು ಬರೆದು ನೋಡುತ್ತಾನೆ, ಅದನ್ನು ಯಾವ ಜರಡಿಯೂ ಹಿಡಿಯದು.

ಬಂದ ಪದವನ್ನು ಏನು ಮಾಡಬೇಕು ಎಂಬುದು ಎರಡನೆಯ ಪ್ರಶ್ನೆ. ಉಳಿದವರಿಂದ ಒಂಟಿ ಪದ ಬಂದರೆ ವ್ಯವಸ್ಥೆ ಅದನ್ನು ಎಸೆಯುವುದೂ ಇಲ್ಲ, ಊಹಿಸಿ ಮುಂದಕ್ಕೆ ಕಳಿಸುವುದೂ ಇಲ್ಲ. ಸಂಖ್ಯೆ ಕೊಟ್ಟು ಇಟ್ಟುಕೊಳ್ಳುತ್ತದೆ, ಕೂಡಲೇ ಒಂದು ಸಾಲಿನ ಉತ್ತರ ಕೊಡುತ್ತದೆ: ‘ನಿಮ್ಮ ಸಂದೇಶ ಬಂದಿದೆ. ಏನು ಬೇಕೆಂದು ಇನ್ನೊಂದು ಸಾಲು ಬರೆಯಿರಿ.’ ತಂತಿ ಜೋಡಣೆಯಾಗಿದೆಯೇ ಎಂದು ನೋಡುವವನಿಗೆ ಮೊದಲ ವಾಕ್ಯ ಸಾಕು, ನಿಜವಾದ ಅಗತ್ಯವಿರುವವರಿಗೆ ಎರಡನೆಯದು. ಮೊದಲು ನಾನು ಇದಕ್ಕೆ ಸೇವೆಗಳ ಉದ್ದ ಪಟ್ಟಿಯನ್ನೂ ಸೇರಿಸಿದ್ದೆ, ಆದರೆ ಯಾರೂ ಓದುತ್ತಿಲ್ಲವೆಂದು ಕಂಡು ತೆಗೆದೆ. ಸಂಜೆ ಐದರವರೆಗೂ ಮರುಮಾತು ಬಾರದಿದ್ದರೆ ಆ ಪದ ಶಾಖೆಯ ಪರದೆಯಲ್ಲಿ ಕಾಣಿಸಿಕೊಳ್ಳುತ್ತದೆ, ಗುಮಾಸ್ತರು ಫೋನ್ ಮಾಡುತ್ತಾರೆ. ಊರಿನ ಪಟ್ಟಿಯ ಮೊದಲ ಸಾಲು ಈಗ ಖಾಲಿಯಾಗಿದೆ. ಅದನ್ನು ಹಾಗೆಯೇ ಬಿಟ್ಟರೆ ಬೇಡಿಕೆ ಮುಂದೆ ಹೋಗುವುದಿಲ್ಲ.

ಒಂದು ಸಣ್ಣ ಚಾಲಾಕಿಯನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಇಂಗ್ಲಿಷ್ ಅಕ್ಷರಗಳ ಒಂಟಿ ಪದವನ್ನು ನುಡಿ ವಿನ್ಯಾಸದಂತೆ ತಿರುಗಿಸಿ, ಸಂಘದ ವ್ಯವಹಾರದ ಅರವತ್ತು ಪದಗಳಲ್ಲಿ ಒಂದಕ್ಕೆ ಸರಿಯಾಗಿ ಕೂತರೆ ಮಾತ್ರ, ‘ನೀವು ಬರೆದದ್ದು “ಮದ್ದು” ಎಂದೇ?’ ಎಂದು ಕೇಳುತ್ತದೆ. ಹೀಗೆ ತಿರುಗಿಸಿದರೆ ‘asdf’ ಎಂಬುದು ‘ಅಸದ್’ ಆಗುತ್ತದೆ, ‘test’ ‘ತೆಸತ’ ಆಗುತ್ತದೆ. ಎರಡೂ ಆ ಅರವತ್ತರಲ್ಲಿ ಇಲ್ಲವಾದ್ದರಿಂದ ವ್ಯವಸ್ಥೆ ಸುಮ್ಮನೆ ಮಾಮೂಲಿ ಉತ್ತರ ಕೊಡುತ್ತದೆ. ಕೇಳುತ್ತದೆಯೇ ಹೊರತು ತಾನೇ ತಿದ್ದುವುದಿಲ್ಲ. ಅಂಕಿಗಳಿಗೆ ಇದು ಉಪಯೋಗವಿಲ್ಲ: ಯಾರಾದರೂ ಬರಿಯ ‘12’ ಎಂದು ಕಳಿಸಿದರೆ ಅದು ಕಿಲೋ ಲೆಕ್ಕವೋ ಸದಸ್ಯತ್ವ ಸಂಖ್ಯೆಯೋ ಎಂದು ಈಗಲೂ ಫೋನಿನಲ್ಲೇ ಕೇಳಬೇಕು.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಅದೇ ಗುಮಾಸ್ತರು ಮೊದಲು ಆ ಚೌಕದಲ್ಲಿ ‘ಇದ್ದೀಯಾ’ ಎಂದು ಬರೆಯುತ್ತಾರೆ. ‘ನಿಮ್ಮ ಸಂದೇಶ ಬಂದಿದೆ’ ಎಂದು ಕಂಡ ಮೇಲೆ, ಬಾಗಿಲಲ್ಲಿ ಕೊಡೆ ಮಡಚಿ ಕಾಯುತ್ತಿರುವ ಮೊದಲನೆಯವರನ್ನು ಒಳಗೆ ಕರೆಯುತ್ತಾರೆ.