ಇಲಿ ಬಿಟ್ಟು ಇಮೇಲ್ ಓದುವುದು: ಥಂಡರ್‌ಬರ್ಡ್‌ನಲ್ಲಿ ನಾನು ದಿನಾ ಬಳಸುವ ಕೀಲಿಗಳು

ಬೆಳಗಾವಿಯ ಉದ್ಯಮಬಾಗದ ಒಂದು ಮಷಿನ್ ಶಾಪ್‌ನ ಆಫೀಸಿನಲ್ಲಿ ಇಮೇಲ್ ನೋಡುವುದು ನನ್ನ ಕೆಲಸ. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದಾಗ ಸುಮಾರು 40 ಮೇಲ್ ಓದದೆ ಬಿದ್ದಿರುತ್ತವೆ: ಬಿಡಿಭಾಗದ ವಿಚಾರಣೆ, ಡ್ರಾಯಿಂಗ್, ಖರೀದಿ ಆರ್ಡರ್, ಬ್ಯಾಂಕಿನ ಸೂಚನೆ, ಕೊರಿಯರ್ ಮಾಹಿತಿ, ಉಳಿದದ್ದೆಲ್ಲ ಜಾಹೀರಾತು. ಬಳಸುವುದು ವಿಂಡೋಸ್ ಮೇಲಿನ ಥಂಡರ್‌ಬರ್ಡ್. ಹೊಸದಾಗಿ ಕೆಲಸಕ್ಕೆ ಬಂದವರಿಗೂ ಮೊದಲ ದಿನ ಇಷ್ಟನ್ನೇ ಹೇಳಿಕೊಡುತ್ತೇನೆ.

ಹೊಸಬರು ಸಾಮಾನ್ಯವಾಗಿ ಪ್ರತಿ ಮೇಲನ್ನೂ ಡಬಲ್ ಕ್ಲಿಕ್ ಮಾಡಿ ತೆರೆಯುತ್ತಾರೆ. ಆಗ ಒಂದೊಂದಕ್ಕೂ ಬೇರೆ ಟ್ಯಾಬ್ ಹುಟ್ಟಿ, ಅರ್ಧ ಗಂಟೆಯಲ್ಲಿ ಇಪ್ಪತ್ತು ಟ್ಯಾಬ್ ಸಾಲು ನಿಲ್ಲುತ್ತವೆ. ಅದರ ಬದಲು ಪಟ್ಟಿಯ ಪಕ್ಕದಲ್ಲೋ ಕೆಳಗೋ ಇಮೇಲಿನ ಪಠ್ಯ ಕಾಣುವ ಭಾಗವನ್ನು ತೆರೆದಿಡಬೇಕು. ಅದು ಕಾಣದಿದ್ದರೆ F8 ಒತ್ತಿದರೆ ಬರುತ್ತದೆ. ಮುಂದಿನದೆಲ್ಲ ಆ ಭಾಗ ತೆರೆದಿದೆ ಎಂದೇ ಹೇಳುತ್ತೇನೆ.

ಮೊದಲು F5 ಒತ್ತಿ ಹೊಸ ಮೇಲ್ ತರಿಸಿಕೊಳ್ಳುತ್ತೇನೆ. ಎರಡು ಮೂರು ಖಾತೆ ಇದ್ದರೆ Shift+F5, ಎಲ್ಲ ಖಾತೆಗಳದ್ದೂ ಒಟ್ಟಿಗೆ ಬರುತ್ತದೆ. ಆಮೇಲೆ ಪಟ್ಟಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿ, Home ಒತ್ತಿ ತುದಿಗೆ ಹೋಗಿ, ಅಲ್ಲಿಂದ N. N ಎಂದರೆ ಮುಂದಿನ ಓದದ ಮೇಲ್. ನಡುವೆ ಓದಿ ಮುಗಿಸಿದವು ಎಷ್ಟಿದ್ದರೂ ಅವನ್ನು ದಾಟಿ ಹೋಗುತ್ತದೆ. ಓದಿದ್ದು, ಓದದ್ದು ಎನ್ನದೆ ಒಂದೊಂದಾಗಿ ಹೋಗಬೇಕಾದರೆ F, ಹಿಂದಕ್ಕೆ ಬರಬೇಕಾದರೆ B.

ಉದ್ದನೆಯ ಮೇಲ್ ಇದ್ದರೆ ಸ್ಪೇಸ್ ಬಾರ್ ಒತ್ತುತ್ತೇನೆ. ಒಂದೊಂದು ಒತ್ತಿಗೆ ಒಂದು ಪುಟದಷ್ಟು ಕೆಳಗೆ ಸರಿಯುತ್ತದೆ, ಮೇಲ್ ಮುಗಿದ ಮೇಲೆ ಅದೇ ಕೀಲಿ ಮುಂದಿನ ಓದದ ಮೇಲಿಗೆ ಕರೆದೊಯ್ಯುತ್ತದೆ. ಆದ್ದರಿಂದ ಬರೀ ಓದುವುದಿದ್ದರೆ ಸ್ಪೇಸ್ ಒಂದೇ ಸಾಕು. ಆ ಫೋಲ್ಡರಿನಲ್ಲಿ ಓದದ್ದು ಮುಗಿದಾಗ, ಬೇರೆ ಫೋಲ್ಡರಿಗೆ ಹೋಗಲೇ ಎಂದು ಸಣ್ಣ ಕಿಟಕಿಯೊಂದು ಕೇಳುತ್ತದೆ. ಹೊಸಬರು ಇದನ್ನು ತಪ್ಪಿನ ಸೂಚನೆ ಎಂದು ಗಾಬರಿಯಾಗುತ್ತಾರೆ. ಹೋಗಬೇಕಿದ್ದರೆ Enter, ಬೇಡವಾದರೆ Esc, ಅಷ್ಟೇ.

ಇಲ್ಲೊಂದು ಸೆಟ್ಟಿಂಗ್ ಬದಲಿಸದೆ ಮುಂದೆ ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಮೇಲ್ ಅಳಿಸಿದ ಕೂಡಲೇ ಥಂಡರ್‌ಬರ್ಡ್ ಅದರ ಪಕ್ಕದ ಮೇಲನ್ನು ತಾನೇ ತೆರೆಯುತ್ತದೆ. ಅಷ್ಟರಲ್ಲಿ ಫೋನ್ ಬಂತು, ನೀವು ಎದ್ದು ಹೋದಿರಿ. ಆ ಮೇಲ್ ಕಣ್ಣಿಗೆ ಬೀಳದೆಯೇ ‘ಓದಿದ್ದು’ ಆಗಿ, ದಪ್ಪ ಅಕ್ಷರ ಕಳೆದುಕೊಂಡು ಕುಳಿತಿರುತ್ತದೆ. ಮುಂದೆ N ಅದನ್ನು ಎಂದೂ ತೋರಿಸುವುದಿಲ್ಲ. ಹಾಗಾಗಿ ಸೆಟ್ಟಿಂಗ್ಸ್‌ನ ‘General’ ಪುಟದಲ್ಲಿ ‘Reading & Display’ ಎಂಬಲ್ಲಿಗೆ ಹೋಗಿ, ತೆರೆದ ತಕ್ಷಣ ಎಂದಿರುವುದನ್ನು ತೆಗೆದು, ಕೆಲವು ಸೆಕೆಂಡ್ ನಂತರ ಎಂಬುದನ್ನು ಆರಿಸಿ. ನಾನು 3 ಸೆಕೆಂಡ್ ಇಟ್ಟಿದ್ದೇನೆ. ಸರಸರ ದಾಟಿ ಹೋದ ಮೇಲ್‌ಗಳು ಓದದವಾಗಿಯೇ ಉಳಿಯುತ್ತವೆ. ಎದ್ದು ಹೋದರೆ ಮಾತ್ರ 3 ಸೆಕೆಂಡ್ ಸಾಲದು. ಏಳುವ ಮುಂಚೆ, ಆ ಮೇಲ್ ಓದಿದ್ದಾಗಿ ದಪ್ಪ ಅಕ್ಷರ ಹೋದ ಮೇಲೆ, M ಒತ್ತಬೇಕು. M ಓದಿದ್ದನ್ನು ಓದದ್ದಾಗಿ, ಓದದ್ದನ್ನು ಓದಿದ್ದಾಗಿ ತಿರುಗಿಸುತ್ತದೆ.

ಪ್ರತಿ ಮೇಲಿನ ಮುಂದೆ ನಾನು ಮಾಡುವ ತೀರ್ಮಾನ ಮೂರೇ. ಜಾಹೀರಾತಾದರೆ Delete. ಉತ್ತರ ಬೇಡ, ಆದರೆ ಇಟ್ಟುಕೊಳ್ಳಬೇಕು ಎನಿಸಿದರೆ A. ಬ್ಯಾಂಕಿನ ಸೂಚನೆ, ಕೊರಿಯರ್ ಮಾಹಿತಿ ಎಲ್ಲ ಹೀಗೆ ಆರ್ಕೈವ್‌ಗೆ ಹೋಗುತ್ತವೆ. ಉತ್ತರ ಬೇಕಾದ ವಿಚಾರಣೆ, ಆರ್ಡರ್‌ಗಳಿಗೆ S ಒತ್ತಿ ನಕ್ಷತ್ರ ಹಾಕಿ, N ಒತ್ತಿ ಮುಂದೆ ಹೋಗುತ್ತೇನೆ. ಓದುವ ಹೊತ್ತಿನಲ್ಲಿ ಉತ್ತರ ಬರೆಯಲು ಕೂರುವುದಿಲ್ಲ. 40 ಮೇಲಲ್ಲಿ ನಕ್ಷತ್ರ ಬೀಳುವುದು ಏಳೆಂಟಕ್ಕೆ. ಕೊನೆಗೆ ಪಟ್ಟಿಯ ಮೇಲಿನ ಫಿಲ್ಟರ್ ಸಾಲಿನಲ್ಲಿ ನಕ್ಷತ್ರದ ಗುಂಡಿ ಒತ್ತಿದರೆ ಅವಷ್ಟೇ ಉಳಿಯುತ್ತವೆ. ಒಂದೊಂದಕ್ಕೂ Ctrl+R ಒತ್ತಿ ಉತ್ತರ ಬರೆದು Ctrl+Enter ಒತ್ತಿದರೆ ಹೋಯಿತು. ಉತ್ತರ ಕೊಟ್ಟದ್ದರ ನಕ್ಷತ್ರವನ್ನು ಮತ್ತೆ S ಒತ್ತಿ ತೆಗೆಯಿರಿ, ಇಲ್ಲದಿದ್ದರೆ ನಾಳೆ ಅದೇ ಮೇಲಿಗೆ ಎರಡನೇ ಉತ್ತರ ಹೋಗುತ್ತದೆ.

ಇನ್ನು, ಈ ಕೀಲಿಗಳು ಕೈಕೊಡುವ ಜಾಗ. Ctrl ಇಲ್ಲದೆ ಒಂದೇ ಅಕ್ಷರದಲ್ಲಿ ಕೆಲಸ ಆಗುವುದರಿಂದಲೇ ಇವು ಬೇಗ, ಅಪಾಯವೂ ಅದರಿಂದಲೇ. ‘jama’ ಎಂದು ಹುಡುಕಬೇಕು ಅಂದುಕೊಳ್ಳಿ. ಹುಡುಕುವ ಪೆಟ್ಟಿಗೆಯಲ್ಲಿ ಕರ್ಸರ್ ಇದೆ ಎಂದು ಭಾವಿಸಿ ಬೆರಳಾಡಿಸುತ್ತೀರಿ, ಆದರೆ ಆಯ್ಕೆ ಇನ್ನೂ ಪಟ್ಟಿಯ ಮೇಲೇ ಇದೆ. J ಆ ಮೇಲನ್ನು ಜಂಕ್ ಎಂದು ಗುರುತು ಮಾಡುತ್ತದೆ, ಸೆಟ್ಟಿಂಗ್ ಹಾಗಿದ್ದರೆ ಜಂಕ್ ಫೋಲ್ಡರಿಗೇ ಕಳಿಸುತ್ತದೆ. A ಆಗ ಎದುರಿಗಿದ್ದದ್ದನ್ನು ಆರ್ಕೈವ್ ಮಾಡುತ್ತದೆ. M ಅದರ ನಂತರದ್ದರ ಗುರುತು ತಿರುಗಿಸುತ್ತದೆ. ಕೊನೆಯ A ಅದನ್ನೂ ಆರ್ಕೈವ್‌ಗೆ ತಳ್ಳುತ್ತದೆ. ಜಂಕ್ ಫೋಲ್ಡರಿಗೆ ಕಳಿಸುವ ಸೆಟ್ಟಿಂಗ್ ಇದ್ದರೆ ನಾಲ್ಕು ಅಕ್ಷರಕ್ಕೆ ಮೂರು ಮೇಲ್ ಜಾಗ ಬಿಟ್ಟವು. ‘ಸರ, ಮೇಲ್ ತಾನ ಮಾಯ ಆಗಾಕತ್ತಾವ್ರಿ’ ಎಂದು ಯಾರಾದರೂ ಕರೆದರೆ ನಾನು ಮೊದಲು ಕೇಳುವುದು, ಈಗಷ್ಟೇ ಏನು ಟೈಪ್ ಮಾಡಿದಿರಿ ಎಂದು.

ಹಾಗಾದಾಗ ಬೇರೇನೂ ಮುಟ್ಟದೆ Ctrl+Z ಒತ್ತಬೇಕು. ಒಂದು ಒತ್ತು ಒಂದು ಹೆಜ್ಜೆ ಹಿಂದಕ್ಕೆ ತರುತ್ತದೆ. ಪ್ರೋಗ್ರಾಂ ಮುಚ್ಚಿ ತೆರೆದರೆ ಈ ದಾರಿ ಇರುವುದಿಲ್ಲ. ಆಗ ಜಂಕ್ ಫೋಲ್ಡರನ್ನೂ ಆರ್ಕೈವ್ ಫೋಲ್ಡರನ್ನೂ ತೆರೆದು ಹುಡುಕಬೇಕು. ಆರ್ಕೈವ್ ಒಳಗೆ ಸಾಮಾನ್ಯವಾಗಿ ವರ್ಷಕ್ಕೊಂದು ಫೋಲ್ಡರ್ ಇರುತ್ತದೆ. ಕಳೆದ ವರ್ಷದ ಮೇಲ್ ಈ ವರ್ಷದ ಫೋಲ್ಡರಿನಲ್ಲಿ ಸಿಗುವುದಿಲ್ಲ, ಏಕೆಂದರೆ ವಿಂಗಡಣೆ ಆಗುವುದು ಇಮೇಲಿನ ತಾರೀಖಿನ ಮೇಲೆ, ನೀವು A ಒತ್ತಿದ ದಿನದ ಮೇಲಲ್ಲ. Shift+Delete ಮಾತ್ರ ಬೇರೆ ಜಾತಿ: ಕಸದ ಬುಟ್ಟಿಗೂ ಹೋಗದೆ ಮೇಲ್ ಅಳಿಯುತ್ತದೆ, Ctrl+Z ಕೂಡ ತರಲಾರದು. ಕಲಿಯುವವರು ಅದನ್ನು ಮುಟ್ಟುವುದೇ ಬೇಡ.

ತಡೆಯುವ ಉಪಾಯ ಸರಳ. ಹುಡುಕಬೇಕಾದಾಗಲೆಲ್ಲ ಮೊದಲು Ctrl+Shift+K ಒತ್ತಿ, ಫಿಲ್ಟರ್ ಪೆಟ್ಟಿಗೆಯಲ್ಲಿ ಕರ್ಸರ್ ಮಿನುಗುವುದನ್ನು ಕಣ್ಣಾರೆ ನೋಡಿ, ಆಮೇಲೆ ಅಕ್ಷರ ಒತ್ತಿ. ಮುಗಿದ ಮೇಲೆ ಪಟ್ಟಿಗೆ ಮರಳಲು F6. ಒತ್ತಿದಂತೆಲ್ಲ ಆಯ್ಕೆ ಒಂದು ಭಾಗದಿಂದ ಇನ್ನೊಂದಕ್ಕೆ ಸರಿಯುತ್ತದೆ.

ಇದರ ಉಲ್ಟಾ ತೊಂದರೆಯೂ ನಮ್ಮ ಕಡೆ ಬಹಳ: ಕೀಲಿ ಒತ್ತಿದರೆ ಏನೂ ಆಗುವುದಿಲ್ಲ. ಗಿರಾಕಿಗೆ ಕನ್ನಡದಲ್ಲಿ ಉತ್ತರ ಬರೆದು ಪಟ್ಟಿಗೆ ಮರಳಿರುತ್ತೀರಿ, ಕೀಬೋರ್ಡ್ ಇನ್ನೂ ಕನ್ನಡದಲ್ಲೇ ಇರುತ್ತದೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ N ಕೀಲಿ ಒತ್ತಿದರೆ ಹೋಗುವುದು ‘ಲ’. ಥಂಡರ್‌ಬರ್ಡ್ ಕಾಯುತ್ತಿರುವುದು ಇಂಗ್ಲಿಷ್ N ಅಕ್ಷರಕ್ಕೆ. ಪರದೆಯ ಬಲ ಕೆಳ ಮೂಲೆಯಲ್ಲಿ ಭಾಷೆಯ ಗುರುತು ನೋಡಿ, ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿಗೆ ಬರುತ್ತದೆ. Delete, F5, ಸ್ಪೇಸ್ ಕೆಲಸ ಮಾಡುತ್ತಿವೆ, ಅಕ್ಷರದ ಕೀಲಿಗಳು ಮಾತ್ರ ಸುಮ್ಮನಿವೆ ಎಂದರೆ ಕಾರಣ ಬಹುತೇಕ ಇದೇ. ನಮ್ಮ ಆಫೀಸಿನ ಎರಡೂ ಕಂಪ್ಯೂಟರಿನ ಪರದೆಯ ಅಂಚಿಗೆ ಚೀಟಿ ಅಂಟಿಸಿದ್ದೇನೆ: N, M, A, S, Ctrl+Z, ಕೆಳಗೆ ವಿಂಡೋಸ್ ಕೀಲಿ ಮತ್ತು ಸ್ಪೇಸ್.