ಹಿರಿಯ ವಕೀಲರ ಮುಂದೆ ಒಂದೇ ಪ್ರಶ್ನೆ: ‘ಬೇಡ’ ಎನ್ನುವುದನ್ನು ಅವರಿಗೆ ಸುಲಭ ಮಾಡಿದ ಬಗೆ

ಕಲಬುರಗಿಯಲ್ಲಿ ಉಚ್ಚ ನ್ಯಾಯಾಲಯದ ಪೀಠವು 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಪೀಠವಾಯಿತು. ಅಂದಿನಿಂದ, ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳಲ್ಲಿ ದಾವೆ ನಡೆಸುವ ನನ್ನಂಥವರು ಎರಡನೇ ಮೇಲ್ಮನವಿಯನ್ನು ಬೆಂಗಳೂರಿನವರ ಕೈಗೆ ಒಪ್ಪಿಸದೆ ಇಲ್ಲಿಯೇ ಸ್ವತಃ ಸಲ್ಲಿಸುವುದು ಸಾಧ್ಯವಾಗಿದೆ. ಆದರೆ ಎರಡನೇ ಮೇಲ್ಮನವಿಯಲ್ಲಿ ನಿಜವಾಗಿ ಪಳಗಿದ ಹಿರಿಯರು ಕಡಿಮೆ, ಅವರಲ್ಲಿ ‘ಸ್ವಲ್ಪ ನೋಡಿ ಹೇಳಿ ಸರ್’ ಎಂದು ಕೇಳುವವರು ಬಹಳ. ಒಂದು ಪಾಲು ವಿಭಜನೆಯ ಪ್ರಕರಣದಲ್ಲಿ ನಾನು ಅಂಥ ಒಬ್ಬರ ಅಭಿಪ್ರಾಯ ಕೇಳಬೇಕಾಗಿ ಬಂದಾಗ, ಅವರಿಗೆ ಇಲ್ಲವೆನ್ನಲು ಎಳ್ಳಷ್ಟೂ ಕಷ್ಟವಾಗದಂತೆ ಹೇಗೆ ಕೇಳಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರಕರಣ ಜೇವರ್ಗಿ ತಾಲ್ಲೂಕಿನ ಒಂದು ಕುಟುಂಬದ ಜಮೀನಿನದು. ನನ್ನ ಕಕ್ಷಿದಾರಳಾದ ಮಗಳು ಪಾಲು ಕೇಳಿ ದಾವೆ ಹೂಡಿದ್ದಳು. ಅದಾಗಲೇ ಬಾಯಿಮಾತಿನಲ್ಲಿ ಪಾಲು ಆಗಿಹೋಗಿದೆ, ಪಹಣಿಯಲ್ಲಿ ಹೆಸರುಗಳೂ ಬದಲಾಗಿವೆ ಎಂಬುದು ಅಣ್ಣಂದಿರ ಪ್ರತಿವಾದ. ವಿಚಾರಣಾ ನ್ಯಾಯಾಲಯ ಮಗಳ ಪರ ಡಿಕ್ರಿ ಕೊಟ್ಟಿತು, ಮೊದಲ ಮೇಲ್ಮನವಿ ನ್ಯಾಯಾಲಯ ಆ ಹೆಸರು ಬದಲಾವಣೆಯ ಮ್ಯುಟೇಶನ್ ನಮೂದನ್ನು ನಂಬಿ ಅದನ್ನು ರದ್ದುಪಡಿಸಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮಿನಂತೆ ಉಚ್ಚ ನ್ಯಾಯಾಲಯ ಇಂಥ ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ಅದರಲ್ಲಿ ಗಣನೀಯವಾದ ಕಾನೂನಿನ ಪ್ರಶ್ನೆ ಇರಬೇಕು, ಆ ಪ್ರಶ್ನೆಯನ್ನು ನಾವು ಮೇಲ್ಮನವಿ ಪತ್ರದಲ್ಲಿಯೇ ಖಚಿತವಾಗಿ ಬರೆದಿರಬೇಕು. ಸಾಕ್ಷ್ಯವನ್ನು ನಂಬಿದ್ದು ಸರಿಯೋ ತಪ್ಪೋ ಎಂಬ ಧಾಟಿಯಲ್ಲಿ ಬರೆದರೆ ಅದು ಸಂಗತಿಯ ಪ್ರಶ್ನೆಯಾಗಿ, ಪ್ರಕರಣ ಮೊದಲ ದಿನವೇ ಮುಗಿದುಹೋಗಬಹುದು. ಹೀಗಾಗಿ ನನಗೆ ಹಿರಿಯರ ಕಣ್ಣು ಬೇಕಾಗಿದ್ದುದು ಆ ಒಂದು ವಾಕ್ಯದ ಮೇಲೆ ಮಾತ್ರ.

ಇಡೀ ಮೇಲ್ಮನವಿ ಪತ್ರವನ್ನು ಕಳುಹಿಸಿ ‘ಒಮ್ಮೆ ಕಣ್ಣಾಡಿಸಿ’ ಎಂದರೆ, ಒಪ್ಪಿಕೊಂಡರೆ ಎಷ್ಟು ಹೊತ್ತು ಹೋದೀತು ಎಂಬುದು ಅವರಿಗೆ ತಿಳಿಯುವುದಿಲ್ಲ. ಎಷ್ಟು ಹೊತ್ತಿನ ಕೆಲಸವೆಂದು ತಿಳಿಯದವರು ಇಲ್ಲವೆನ್ನಲೂ ಆಗದೆ, ಹೌದೆನ್ನಲೂ ಆಗದೆ ಕಾಗದವನ್ನು ಮೇಜಿನ ಮೇಲೆ ಇಟ್ಟುಕೊಳ್ಳುತ್ತಾರೆ. ಆದ್ದರಿಂದ ಮೊದಲು ನಾನು ಸಂಗತಿಗಳನ್ನು ಒಂದೇ ಪುಟಕ್ಕೆ ಇಳಿಸಿ, ಅದರ ಕೆಳಗೆ ಪ್ರಶ್ನೆಯ ಎರಡು ಕರಡುಗಳನ್ನು ಬರೆದೆ. ಮೊದಲನೆಯದು, ಕೇವಲ ಮ್ಯುಟೇಶನ್ ನಮೂದಿನ ಆಧಾರದ ಮೇಲೆ ಮೌಖಿಕ ಪಾಲನ್ನು ಒಪ್ಪಿದ್ದು ಕಾನೂನುಸಮ್ಮತವೇ ಎಂಬುದು. ಎರಡನೆಯದು, ಹಿಂದೂ ಉತ್ತರಾಧಿಕಾರ ಅಧಿನಿಯಮದ 6(5)ನೇ ಉಪಕಲಮಿನ ವಿವರಣೆಯು ನೋಂದಾಯಿತ ಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆದ ಪಾಲನ್ನಷ್ಟೇ ಪಾಲೆಂದು ಗುರುತಿಸುವಾಗ, ಆ ವಿವರಣೆಯನ್ನು ಮತ್ತು 2020ರ ವಿನೀತಾ ಶರ್ಮಾ ತೀರ್ಪನ್ನು ಪರಿಗಣಿಸದೆ ಮಗಳ ಹಕ್ಕನ್ನು ನಿರಾಕರಿಸಬಹುದೇ ಎಂಬುದು. ಆ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮೌಖಿಕ ಪಾಲನ್ನು ಸುಲಭವಾಗಿ ಒಪ್ಪಲಾಗದೆಂದೂ, ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಸಂದರ್ಭದಲ್ಲಿ ಮಾತ್ರ ಒಪ್ಪಬಹುದೆಂದೂ ಹೇಳಿದೆ. ಎದುರು ಪಕ್ಷದವರು ಹಿಡಿಯಲಿದ್ದುದು ಆ ‘ಅಪರೂಪದ ಸಂದರ್ಭ’ದ ಎಳೆಯನ್ನೇ. ಎರಡರಲ್ಲಿ ಯಾವುದು ನಿಲ್ಲುತ್ತದೆ ಎಂಬುದಕ್ಕೆ ‘ಒಂದು’ ಅಥವಾ ‘ಎರಡು’ ಎಂದು ಉತ್ತರಿಸಿದರೂ ನನ್ನ ಕೆಲಸ ಆಗುತ್ತಿತ್ತು.

ಪುಟ ಸಿದ್ಧವಾದರೂ ನಾನು ಅದನ್ನು ಕಳುಹಿಸಲಿಲ್ಲ. ನಮ್ಮ ವೃತ್ತಿಯಲ್ಲಿ ಇಲ್ಲವೆನ್ನಲು ಬಿಡುವಿಲ್ಲದಿರುವುದಷ್ಟೇ ಕಾರಣವಾಗಿರುವುದಿಲ್ಲ. ಎದುರು ಪಕ್ಷದವರು ಆಗಲೇ ಆ ಹಿರಿಯರನ್ನು ಕಂಡು ಬಂದಿರಬಹುದು, ಅಥವಾ ನಾಳೆ ಕಾಣಲು ಹೋಗಬಹುದು. ನಮ್ಮ ಕಡೆಯ ಸಂಗತಿಗಳನ್ನು ಓದಿಬಿಟ್ಟರೆ ಎದುರು ಪಕ್ಷದ ವಕಾಲತ್ತನ್ನು ಒಪ್ಪಿಕೊಳ್ಳುವುದು ಅವರಿಗೆ ಕಷ್ಟ. ಕೇಳದೆಯೇ ಕಾಗದ ಕಳುಹಿಸಿದರೆ, ಅವರು ಓದದೆ ಹಿಂದಿರುಗಿಸಿದರೂ ಓದಿಲ್ಲವೆಂದು ಸಾಬೀತು ಮಾಡುವ ಹೊರೆ ಅವರ ಮೇಲೆ ಬೀಳುತ್ತದೆ. ಇನ್ನು, ನನ್ನ ಕಕ್ಷಿದಾರಳು ನನಗೆ ಹೇಳಿದ್ದನ್ನು ಕಚೇರಿಯ ಹೊರಗಿನವರಿಗೆ ತೋರಿಸಲು ಅವಳ ಒಪ್ಪಿಗೆಯೂ ಬೇಕು. ಮೊದಲು ಅವಳ ಒಪ್ಪಿಗೆ ಪಡೆದೆ. ನಂತರ ಮೊದಲ ಸಂದೇಶದಲ್ಲಿ ಪ್ರಕರಣದ ಬಗ್ಗೆ ಪಕ್ಷಕಾರರ ಹೆಸರು, ಊರು ಮತ್ತು ದಾವೆಯ ಸಂಖ್ಯೆಯನ್ನು ಮಾತ್ರ ಬರೆದೆ. ಇವು ನ್ಯಾಯಾಲಯದ ಜಾಲತಾಣದಲ್ಲಿ ಯಾರಿಗಾದರೂ ಸಿಗುವ ವಿವರಗಳಾದ್ದರಿಂದ ಓದಿದವರಿಗೆ ಯಾವ ಬಂಧನವೂ ಆಗುವುದಿಲ್ಲ.

ದಿನವನ್ನೂ ಆರಿಸಿಕೊಂಡೆ. ಉಚ್ಚ ನ್ಯಾಯಾಲಯದಲ್ಲಿ ಆಯಾ ದಿನ ವಿಚಾರಣೆಗೆ ಬರುವ ಪ್ರಕರಣಗಳ ಪಟ್ಟಿಯಾದ ಕಾಸ್ ಲಿಸ್ಟ್ ಎಲ್ಲರಿಗೂ ತೆರೆದಿರುತ್ತದೆ, ಅದರಲ್ಲಿ ಪ್ರತಿ ಪ್ರಕರಣದ ಮುಂದೆ ವಕೀಲರ ಹೆಸರು ಇರುತ್ತದೆ. ಅಂತಿಮ ವಾದಕ್ಕೆ ನಿಂತ ಪ್ರಕರಣಗಳು ಅವರ ಹೆಸರಿನಲ್ಲಿ ಇರುವ ವಾರ ನಾನು ಕೇಳಲಿಲ್ಲ. ನ್ಯಾಯಾಲಯದ ಪಡಸಾಲೆಯಲ್ಲಿ, ಅವರ ಜೂನಿಯರ್‌ಗಳ ಅಥವಾ ಕಕ್ಷಿದಾರರ ಎದುರಿಗೆ ಕೇಳುವುದನ್ನು ನಾನು ಒಪ್ಪುವುದೇ ಇಲ್ಲ. ನಮ್ಮ ಕಡೆ ಹಿರಿಯರು ನಾಲ್ಕು ಜನರ ಮುಂದೆ ಕಿರಿಯನಿಗೆ ಇಲ್ಲವೆನ್ನಲು ಹಿಂಜರಿಯುತ್ತಾರೆ, ಆ ಹಿಂಜರಿಕೆಯಿಂದ ಬಂದ ಒಪ್ಪಿಗೆ ನನಗೆ ಬೇಡವಾಗಿತ್ತು. ಅವರ ಹಳೆಯ ಸ್ನೇಹಿತರೊಬ್ಬರು ನನ್ನ ಪರವಾಗಿ ಒಂದು ಮಾತು ಹೇಳುವುದಾಗಿ ಮುಂದೆ ಬಂದರು. ಅವರನ್ನೂ ವಿನಯದಿಂದ ತಡೆದೆ, ಏಕೆಂದರೆ ಆಗ ಹಿರಿಯರು ನನ್ನ ಜೊತೆಗೆ ತಮ್ಮ ಸ್ನೇಹಿತರಿಗೂ ಇಲ್ಲವೆನ್ನಬೇಕಾಗುತ್ತಿತ್ತು. ಕೋರ್ಟು ಮುಗಿದು ಕಕ್ಷಿದಾರರು ಕಚೇರಿಗೆ ಬರುವ ಮುಂಚಿನ ಹೊತ್ತಿನಲ್ಲಿ ಈ ಸಂದೇಶ ಕಳುಹಿಸಿದೆ:

“ಸರ್, ನಮಸ್ಕಾರ. ಮೇಲೆ ಬರೆದ ಪ್ರಕರಣದಲ್ಲಿ ನಾನು ವಾದಿಯ ಪರ ಎರಡನೇ ಮೇಲ್ಮನವಿ ಸಲ್ಲಿಸುತ್ತಿದ್ದೇನೆ. ಕಾನೂನಿನ ಪ್ರಶ್ನೆಯ ಎರಡು ಕರಡುಗಳಲ್ಲಿ ಯಾವುದು ನಿಲ್ಲಬಹುದು ಎಂದು ತಮ್ಮನ್ನು ಕೇಳುವ ಆಸೆ. ಓದಬೇಕಾದದ್ದು ಒಂದೇ ಪುಟ, ತಾವು ಒಪ್ಪಿದರೆ ಮಾತ್ರ ಕಳುಹಿಸುತ್ತೇನೆ. ಎದುರಿನವರ ಸಂಪರ್ಕವಿದ್ದರೆ, ಬಿಡುವಿಲ್ಲದಿದ್ದರೆ ಅಥವಾ ಬೇರೆ ಯಾವುದೇ ಕಾರಣಕ್ಕೆ ‘ಬೇಡ’ ಎಂಬ ಒಂದು ಪದ ಸಾಕು, ಕಾರಣ ತಿಳಿಸುವ ಅಗತ್ಯವಿಲ್ಲ. ಗುರುವಾರ ಸಂಜೆಯವರೆಗೆ ಉತ್ತರ ಬರದಿದ್ದರೆ ಬೇಡವೆಂದೇ ತಿಳಿದು ಎರಡನೇ ಕರಡಿನೊಂದಿಗೆ ಮುಂದುವರಿಯುತ್ತೇನೆ. ಮತ್ತೆ ನೆನಪಿಸುವುದಿಲ್ಲ. ತಮ್ಮ ಹೆಸರನ್ನು ಎಲ್ಲಿಯೂ ಬಳಸುವುದಿಲ್ಲ.”

ಇದರಲ್ಲಿ ಹೆಚ್ಚು ಯೋಚಿಸಿ ಬರೆದ ವಾಕ್ಯ ಗುರುವಾರದ್ದು. ಉತ್ತರ ಬಾರದಿದ್ದರೂ ನನ್ನ ಕೆಲಸ ನಿಲ್ಲುವುದಿಲ್ಲ ಎಂದು ಹೇಳಬೇಕಾದರೆ ಅದು ನಿಜವಾಗಿಯೂ ನಿಲ್ಲದಂತೆ ಮಾಡಿಕೊಂಡಿರಬೇಕು. ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿಯ ಕಾಲಮಿತಿ ಡಿಕ್ರಿಯ ದಿನಾಂಕದಿಂದ 90 ದಿನ, ದೃಢೀಕೃತ ನಕಲು ಪಡೆಯಲು ಹಿಡಿದ ಕಾಲವನ್ನು ಅದರಲ್ಲಿ ಎಣಿಸುವುದಿಲ್ಲ. ಕಾಲಮಿತಿ ಮುಗಿಯಲು ಎರಡು ವಾರಕ್ಕಿಂತ ಹೆಚ್ಚು ಉಳಿದಿರುವಾಗಲೇ ಸಂದೇಶ ಕಳುಹಿಸಿದ್ದೆ, ಎರಡನೇ ಕರಡು ಹಾಕಿದ ಮೇಲ್ಮನವಿ ಪತ್ರ ಅಂದೇ ಸಲ್ಲಿಸಬಹುದಾದ ಸ್ಥಿತಿಯಲ್ಲಿತ್ತು. ನಾಳೆಯೇ ಕೊನೆಯ ದಿನ ಎಂದು ಕೇಳುವವರು, ‘ಬೇಡವೆಂದರೂ ಪರವಾಗಿಲ್ಲ’ ಎಂದು ಎಷ್ಟು ಸಲ ಬರೆದರೂ, ಇಲ್ಲವೆಂದರೆ ಕಕ್ಷಿದಾರಳ ಜಮೀನು ಹೋಯಿತೆಂಬ ಭಾರವನ್ನು ಹಿರಿಯರ ತಲೆಯ ಮೇಲೆ ಇಟ್ಟಿರುತ್ತಾರೆ. ಕಾನೂನೂ ಇಲ್ಲಿ ಸ್ವಲ್ಪ ಅವಕಾಶ ಕೊಡುತ್ತದೆ. ತಾನು ಮೊದಲು ರೂಪಿಸದ ಬೇರೊಂದು ಗಣನೀಯ ಪ್ರಶ್ನೆ ಪ್ರಕರಣದಲ್ಲಿದೆ ಎಂದು ಮನವರಿಕೆಯಾದರೆ ನ್ಯಾಯಾಲಯವು ಕಾರಣಗಳನ್ನು ದಾಖಲಿಸಿ ಅದನ್ನೂ ಆಲಿಸಬಹುದು.

ನಾನು ಮೊದಲು ಕೇಳಿದ ಹಿರಿಯರು, ಹಿಂದೆ ಒಂದೇ ಕಚೇರಿಯಲ್ಲಿ ನನಗಿಂತ ಬಹಳ ಮುಂಚಿನಿಂದ ಕೆಲಸ ಮಾಡಿದವರು, ಅಂದು ಸಂಜೆಯೇ ‘ಬ್ಯಾಡಪ್ಪ’ ಎಂದು ಉತ್ತರಿಸಿದರು. ‘ಆಗಲಿ ಸರ್, ಬೇಗ ತಿಳಿಸಿದ್ದು ಉಪಕಾರವಾಯಿತು’ ಎಂದಷ್ಟೇ ಬರೆದೆ. ಹಾಗಾದರೆ ಫೋನಿನಲ್ಲಿ ಎರಡು ನಿಮಿಷ ಮಾತಾಡಬಹುದೇ ಎಂದಾಗಲಿ, ಯಾರನ್ನು ಕೇಳಲಿ ಎಂದಾಗಲಿ ಕೇಳಲಿಲ್ಲ. ಅಂಥ ಎರಡನೇ ಪ್ರಶ್ನೆಗೂ ಅವರು ಮತ್ತೊಮ್ಮೆ ಇಲ್ಲವೆನ್ನಬೇಕಾಗುತ್ತದೆ. ಅವರಿಗೆ ಏನು ಕಾರಣವಿತ್ತೆಂದು ಊಹಿಸುವುದೂ ತಪ್ಪು. ಎದುರು ಪಕ್ಷದವರು ಅವರನ್ನು ಕಂಡಿದ್ದಾರೆ ಎಂಬ ಸುಳಿವು ಆ ‘ಬೇಡ’ದಿಂದ ಹೊರಬೀಳುವುದಾದರೆ ಆ ಪದ ಹೇಳುವುದೂ ಅವರಿಗೆ ಕಷ್ಟವಾಗುತ್ತದೆ. ಎಲ್ಲ ಕಾರಣಗಳಿಗೂ ಒಂದೇ ಪದ ಇಟ್ಟದ್ದು ಅದಕ್ಕಾಗಿಯೇ.

ನಂತರ ಅದೇ ಸಂದೇಶವನ್ನು ಇನ್ನೊಬ್ಬ ಹಿರಿಯ ವಕೀಲೆಗೆ ಕಳುಹಿಸಿದೆ. ಇಬ್ಬರಿಗೂ ಒಟ್ಟಿಗೆ ಕಳುಹಿಸಬಹುದಿತ್ತಲ್ಲ ಎಂದು ಕೇಳಬಹುದು. ಇಬ್ಬರೂ ಒಪ್ಪಿ, ಇಬ್ಬರೂ ಓದಿ, ಒಬ್ಬರ ಶ್ರಮ ವ್ಯರ್ಥವಾಗುವುದು ನನಗೆ ಸರಿಯೆನಿಸಲಿಲ್ಲ. ಮೇಡಂ ‘ಕಳಸ್ರಿ ನೋಡ್ತೀನಿ’ ಎಂದರು. ಪುಟ ಕಳುಹಿಸುವಾಗ ಒಂದು ವಾಕ್ಯ ಸೇರಿಸಿದೆ: ಇದಕ್ಕೆ ದಾಖಲೆಗಳನ್ನೆಲ್ಲ ಓದಬೇಕಾದೀತು ಎನಿಸಿದರೆ ದಯವಿಟ್ಟು ಅಲ್ಲಿಯೇ ನಿಲ್ಲಿಸಿ ತಿಳಿಸಿರಿ, ಅದು ಕಕ್ಷಿದಾರಳು ಶುಲ್ಕ ಕೊಟ್ಟು ಪಡೆಯಬೇಕಾದ ಅಭಿಪ್ರಾಯ, ಬೇಕೆಂದರೆ ಕ್ರಮವಾಗಿ ಬರುತ್ತೇವೆ. ಒಪ್ಪಿಕೊಂಡ ಮೇಲೆಯೂ ಹಿಂದೆ ಸರಿಯುವ ದಾರಿ ಇರಬೇಕು, ಏಕೆಂದರೆ ಕೆಲಸದ ನಿಜವಾದ ಅಳತೆ ತಿಳಿಯುವುದು ಕೈ ಹಚ್ಚಿದ ನಂತರವೇ.

ಅವರ ಉತ್ತರ ಚಿಕ್ಕದಾಗಿತ್ತು. ‘ಎರಡನೇದು ಇರಲಿ. ಆದ್ರ ಮ್ಯುಟೇಶನ್ ಯಾವ ವರ್ಷದ್ದು? 20-12-2004ಕ್ಕಿಂತ ಮೊದಲಿಂದೋ ಆಮೇಲಿಂದೋ, ಪ್ರಶ್ನೆದಾಗೇ ಬರ್ರಿ.’ 6(5)ನೇ ಉಪಕಲಮು ಉಳಿಸುವುದು ಆ ದಿನಾಂಕಕ್ಕಿಂತ ಮುಂಚೆ ಆದ ಪಾಲನ್ನು ಮಾತ್ರ. ಅಣ್ಣಂದಿರು ಹೇಳುತ್ತಿದ್ದ ಬಾಯಿಮಾತಿನ ಪಾಲು ಅದಕ್ಕಿಂತ ಹಿಂದಿನದಾಗಿದ್ದರೂ, ಮ್ಯುಟೇಶನ್ ನಮೂದು 2006ರದಾಗಿತ್ತು. ಅಂದರೆ ಪಾಲನ್ನು ತೋರಿಸಲು ಇದ್ದ ಒಂದೇ ಸಾರ್ವಜನಿಕ ದಾಖಲೆ, ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ 2005ರ ತಿದ್ದುಪಡಿ ಜಾರಿಗೆ ಬಂದ ನಂತರ ಹುಟ್ಟಿದ್ದು. ಆ ವರ್ಷ ಪ್ರಶ್ನೆಯೊಳಗೆ ಬಂದ ಕೂಡಲೇ, ತಡವಾಗಿ ಮಾಡಿಸಿದ ಕಂದಾಯ ನಮೂದು ಹಿಂದಿನ ಮೌಖಿಕ ಪಾಲಿಗೆ ಕಾನೂನು ಕೇಳುವ ಬೆಂಬಲವಾದೀತೇ ಎಂಬ ನೇರವಾದ ಕಾನೂನಿನ ಪ್ರಶ್ನೆ ಸಿದ್ಧವಾಯಿತು. ಒಂದು ಪುಟ ಓದಿದವರಿಂದ ಇದಕ್ಕಿಂತ ಹೆಚ್ಚಿನದನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ತಿದ್ದಿದ ಪ್ರಶ್ನೆಯನ್ನು ‘ಈಗ ಸರಿಯಾಯಿತೇ’ ಎಂದು ಮತ್ತೆ ತೋರಿಸಲು ನಾನು ಹೋಗಲಿಲ್ಲ.

ಎಲ್ಲರೂ ಹೀಗೆ ಸ್ಪಷ್ಟವಾಗಿ ಹೌದು ಅಥವಾ ಬೇಡ ಎನ್ನುವುದಿಲ್ಲ. ನಮ್ಮಲ್ಲಿ ‘ನೋಡೂಣಂತ’ ಎಂಬ ಉತ್ತರ ಬಹಳ ಸಾಮಾನ್ಯ, ಅದು ಹೆಚ್ಚಿನ ಸಲ ಕಿರಿಯರ ಮನಸ್ಸು ನೋಯದಿರಲಿ ಎಂದು ಹೇಳಿದ ಬೇಡವೇ ಆಗಿರುತ್ತದೆ. ಅಂಥ ಉತ್ತರ ಬಂದಾಗ ನಾನು ಹೇಳಿದ ಗಡುವಿನವರೆಗೆ ಸುಮ್ಮನಿದ್ದು, ಮೇಲ್ಮನವಿ ಸಲ್ಲಿಸಿದ ಮೇಲೆ ‘ಸರ್, ಆ ಪ್ರಕರಣ ಸಲ್ಲಿಸಿ ಆಯಿತು, ಇನ್ನು ತಾವು ನೋಡುವ ಅಗತ್ಯವಿಲ್ಲ’ ಎಂದು ತಿಳಿಸುತ್ತೇನೆ. ಹಾಗೆ ತಿಳಿಸದಿದ್ದರೆ ಅವರು ನನ್ನನ್ನು ಬಾರ್ ಅಸೋಸಿಯೇಷನ್‌ನಲ್ಲಿ ಕಂಡಾಗಲೆಲ್ಲ ಒಂದು ಬಾಕಿ ಉಳಿದಿದೆ ಎಂದುಕೊಳ್ಳುತ್ತಾರೆ. ‘ಭಾನುವಾರ ಎಲ್ಲ ಕಾಗದ ತಗೊಂಡು ಮನೀಗೆ ಬಾ’ ಎಂದು ಕೇಳಿದ್ದಕ್ಕಿಂತ ಹೆಚ್ಚು ಕೊಡಲು ಮುಂದಾಗುವವರೂ ಇದ್ದಾರೆ. ಆಗ ನಾನು ಒಂದೇ ಪುಟವನ್ನು ಒಯ್ದು, ಕಡತವನ್ನು ಕಚೇರಿಯಲ್ಲಿಯೇ ಬಿಟ್ಟು ಹೋಗುತ್ತೇನೆ.